ಮುಚ್ಚಿದ ಬಾಗಿಲು, ತೆರೆದ ಪ್ರಶ್ನೆ

ಕಿರುಚಿತ್ರವನ್ನು ಜನರ ಮುಂದಿಡುವುದಕ್ಕೆ ಮೊದಲು ಅದರ ಮುನ್ಸೂಚನೆಯಾಗಿ ಅರ್ಧ ನಿಮಿಷದ ಟೀಸರೊಂದನ್ನು ಹೊರಡಿಸುವ ರೂಢಿ ಈಗ ರಾಯಚೂರು ನಗರದಲ್ಲಿರಲಿ, ದೇವದುರ್ಗ ಮಾನ್ವಿಗಳಂಥ ತಾಲ್ಲೂಕು ಕೇಂದ್ರಗಳಲ್ಲಿರಲಿ, ಚಿತ್ರ ತೆಗೆಯುವ ಹಂಬಲವುಳ್ಳ ತರುಣರಿಗೆಲ್ಲ ಸಹಜವಾಗಿಬಿಟ್ಟಿದೆ. ರೂಢಿಯ ಬೆನ್ನಿಗೇ ಒಂದು ಸೂತ್ರವೂ ಬಂದು ನೆಲೆಗೊಂಡಿದೆ: ‘ಕತೆ ಬಿಟ್ಟುಕೊಡಬಾರದು, ಎಷ್ಟು ಮುಚ್ಚಿಟ್ಟರೆ ಅಷ್ಟು ಕುತೂಹಲ.’ ಈ ಸೂತ್ರವನ್ನು ಹೇಳುವವರು ಅದಕ್ಕೆ ಪ್ರಮಾಣ ಬೇಕೆಂದು ಭಾವಿಸುವುದಿಲ್ಲ, ಕೇಳುವವರೂ ಕೇಳುವುದಿಲ್ಲ. ಮುಚ್ಚಿಡುವುದೆಂದರೇನು, ಏನನ್ನು ಮುಚ್ಚಿದರೆ ಏನು ಉಳಿಯುತ್ತದೆ, ಕುತೂಹಲವೆಂಬುದು ಎಲ್ಲಿಂದ ಹುಟ್ಟುತ್ತದೆ ಎಂಬ ಮೂರು ಬೇರೆ ಬೇರೆ ವಿಚಾರಗಳು ಆ ಒಂದು ವಾಕ್ಯದಲ್ಲಿ ಕಲಸಿಹೋಗಿವೆಯೆಂದು ನನಗೆ ತೋರುವುದರಿಂದ, ಅವುಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಆ ಅಭಿಪ್ರಾಯಕ್ಕೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸೋಣ. ಅದರ ಪಕ್ಷದಲ್ಲಿ ಮೂರು ಗಟ್ಟಿಯಾದ ಮಾತುಗಳಿವೆ. ಒಂದನೆಯದು ಪ್ರಮಾಣದ ಲೆಕ್ಕ. ಎರಡೂವರೆ ಗಂಟೆಯ ಚಲನಚಿತ್ರಕ್ಕೆ ಎರಡೂವರೆ ನಿಮಿಷದ ಟ್ರೇಲರು ಹೊರಟರೆ ಅದು ಇಡಿಯ ಚಿತ್ರದ ಅರವತ್ತರಲ್ಲೊಂದು ಪಾಲು. ಆದರೆ 12 ನಿಮಿಷದ ಕಿರುಚಿತ್ರಕ್ಕೆ 30 ಸೆಕೆಂಡಿನ ಟೀಸರು ಇಪ್ಪತ್ತನಾಲ್ಕರಲ್ಲೊಂದು ಪಾಲಾಗುತ್ತದೆ. ಸಣ್ಣ ಪಾತ್ರೆಯಿಂದ ಒಂದು ಸೌಟು ತೆಗೆದರೂ ತಳ ಕಾಣುವುದಷ್ಟೆ. ಎರಡನೆಯದು ಕಿರುಚಿತ್ರದ ಕಟ್ಟಡ. ಪಾತ್ರಗಳನ್ನು ನಿಧಾನವಾಗಿ ಬೆಳೆಸಲು ಅವಕಾಶವಿಲ್ಲದ ಈ ಪ್ರಕಾರವು ಬಹುಮಟ್ಟಿಗೆ ಕೊನೆಯಲ್ಲಿ ಬರುವ ಒಂದೇ ತಿರುವನ್ನು ಆಧರಿಸಿ ನಿಂತಿರುತ್ತದೆ. ಆ ತಿರುವು ಮೊದಲೇ ತಿಳಿದುಹೋದರೆ ಕಟ್ಟಡಕ್ಕೆ ಬೇರೆ ಕಂಬವಿಲ್ಲ. ಮೂರನೆಯದು ಅಜ್ಞಾನದ ಸ್ವಭಾವ. ತಿಳಿಯದ್ದನ್ನು ಎಂದಾದರೂ ತಿಳಿಸಬಹುದು, ತಿಳಿಸಿದ್ದನ್ನು ಮರಳಿ ಕಸಿದುಕೊಳ್ಳಲು ಬರುವುದಿಲ್ಲ. ಆದುದರಿಂದ ಸಂದೇಹ ಬಂದಾಗ ಮುಚ್ಚಿಡುವುದೇ ಕ್ಷೇಮ. ಈ ಮೂರು ಮಾತುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಅವುಗಳಿಂದ ‘ಎಷ್ಟು ಮುಚ್ಚಿಟ್ಟರೆ ಅಷ್ಟು ಕುತೂಹಲ’ ಎಂಬ ತೀರ್ಮಾನ ಹೊರಡುತ್ತದೆಯೇ ಎಂಬುದೇ ಪ್ರಶ್ನೆ.

ಹೊರಡುವುದಿಲ್ಲ; ಏಕೆಂದರೆ ಆ ತೀರ್ಮಾನವು ಅಜ್ಞಾನವನ್ನೂ ಕುತೂಹಲವನ್ನೂ ಒಂದೇ ಎಂದು ಎಣಿಸುತ್ತದೆ. ನನಗೆ ತಿಳಿಯದ ವಿಷಯಗಳು ಅಸಂಖ್ಯಾತವಾಗಿವೆ. ಅವುಗಳಲ್ಲಿ ಬಹುಪಾಲಿನ ವಿಚಾರದಲ್ಲಿ ನನಗೆ ಲೇಶಮಾತ್ರವೂ ಕುತೂಹಲವಿಲ್ಲ, ಏಕೆಂದರೆ ಅವು ನನಗೆ ತಿಳಿಯವೆಂಬುದೇ ನನಗೆ ತಿಳಿಯದು. ಕುತೂಹಲ ಹುಟ್ಟಬೇಕಾದರೆ ತಿಳಿದಿರುವ ಎರಡು ದಡಗಳ ನಡುವೆ ತಿಳಿಯದ ಒಂದು ಕಂದಕ ಕಾಣಿಸಬೇಕು. ದಡಗಳೇ ಇಲ್ಲದ ಕಡೆ ಕಂದಕವೂ ಇಲ್ಲ. ಅಮೆರಿಕದ ವಿದ್ವಾಂಸ ಜಾರ್ಜ್ ಲೋವನ್‌ಸ್ಟೈನ್ 1994ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಕುತೂಹಲವನ್ನು ವಿವರಿಸಿದ್ದು ಇದೇ ರೀತಿಯಲ್ಲಿ: ತಿಳಿದಿರುವುದಕ್ಕೂ ತಿಳಿಯಬೇಕೆನ್ನಿಸುವುದಕ್ಕೂ ಇರುವ ಅಂತರದ ಅರಿವೇ ಕುತೂಹಲ, ಆ ಅರಿವು ಬರಬೇಕಾದರೆ ಮೊದಲು ಸ್ವಲ್ಪ ತಿಳಿದಿರಲೇಬೇಕು. ಈ ಮಾತನ್ನು ಒಪ್ಪಿಕೊಂಡು ನಮ್ಮ ‘ಏನೂ ಬಿಟ್ಟುಕೊಡದ’ ಟೀಸರುಗಳನ್ನು ನೋಡಿದರೆ ಅವುಗಳ ಬರಿತನ ಎದ್ದು ಕಾಣುತ್ತದೆ. ಕತ್ತಲೆ, ಹೆಜ್ಜೆಯ ಸದ್ದು, ಯಾರದೋ ಕಣ್ಣು, ಒಮ್ಮೆಲೇ ಬಡಿಯುವ ನಗಾರಿ, ಚಿತ್ರದ ಹೆಸರು, ‘ಶೀಘ್ರದಲ್ಲಿ’. ಈ ಅರ್ಧ ನಿಮಿಷವನ್ನು ಕಿತ್ತು ಬೇರೊಂದು ಚಿತ್ರದ ಹೆಸರಿಗೆ ಅಂಟಿಸಿದರೂ ಯಾರಿಗೂ ತಿಳಿಯಲಾರದು. ಯಾವ ಟೀಸರನ್ನು ಯಾವ ಚಿತ್ರಕ್ಕಾದರೂ ಅಂಟಿಸಬಹುದೋ ಆ ಟೀಸರು ತನ್ನ ಚಿತ್ರದ ರಹಸ್ಯವನ್ನು ಕಾಪಾಡಿದೆಯೆನ್ನುವುದು ಸರಿಯಲ್ಲ. ರಹಸ್ಯವೊಂದಿದೆ ಎಂಬ ಸುದ್ದಿಯನ್ನೇ ಅದು ತಲಪಿಸಿಲ್ಲ.

ಹಳೆಯವರು ಈ ವಿಚಾರದಲ್ಲಿ ನಮಗಿಂತ ಧೀರರಾಗಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ಪೂರ್ವರಂಗದ ಅಂಗಗಳನ್ನು ಎಣಿಸುವಾಗ ‘ಪ್ರರೋಚನಾ’ ಎಂಬುದೊಂದು ಬರುತ್ತದೆ. ಮುಂದೆ ಆಡಲಿರುವ ರೂಪಕದ ವಸ್ತುವನ್ನು ಸೂಚಿಸಿ ಸಭಿಕರಲ್ಲಿ ರುಚಿಯನ್ನು ಹುಟ್ಟಿಸುವುದೇ ಅದರ ಕೆಲಸ. ಟೀಸರು ಎಂಬ ಪದಕ್ಕೆ ಸಂಸ್ಕೃತದಲ್ಲಿ ಇದಕ್ಕಿಂತ ಹತ್ತಿರವಾದ ಹೆಸರು ನನಗೆ ತೋರದು. ರುಚಿ ಹುಟ್ಟುವುದು ವಸ್ತುವನ್ನು ಸೂಚಿಸುವುದರಿಂದಲೇ ಹೊರತು ಅಡಗಿಸುವುದರಿಂದಲ್ಲ ಎಂಬುದು ಆ ವಿಧಾನದಲ್ಲಿ ಗೃಹೀತವಾಗಿದೆ. ಕಾಳಿದಾಸನ ನಾಟಕದ ಹೆಸರಿನಲ್ಲಿಯೇ ‘ಅಭಿಜ್ಞಾನ’ವಿದೆ, ಗುರುತಿನ ಕುರುಹೊಂದು ಈ ಕತೆಯ ಕೀಲೆಂದು ಮೊದಲೇ ಸಾರಿದ ಮೇಲೂ ಆ ನಾಟಕಕ್ಕೆ ಪ್ರೇಕ್ಷಕರು ಕಡಮೆಯಾಗಲಿಲ್ಲ. ಅಷ್ಟು ದೂರ ಹೋಗುವುದೇಕೆ? ನಮ್ಮ ಸೀಮೆಯ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ಮಾತಿಗೆಳೆದು ನೀವು ಯಾರು, ಯಾವೂರು, ಬಂದ ಕಾರಣವೇನೆಂದು ಎಲ್ಲರೆದುರಿಗೆ ಹೇಳಿಸಿಬಿಡುತ್ತಾನೆ. ಹೇಳಿಸಿದ ಮೇಲೆಯೇ ಜನ ಬೆಳಗಿನವರೆಗೆ ಕುಳಿತುಕೊಳ್ಳುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬರುವುದು ನ್ಯಾಯವೇ. ಬಯಲಾಟದ ಕತೆ ಭಾರತ ರಾಮಾಯಣಗಳದು. ಅದು ಮೊದಲೇ ತಿಳಿದಿದ್ದು, ಜನ ಬರುವುದು ಕತೆಗಲ್ಲ, ಹಾಡು ಕುಣಿತಗಳಿಗೆ. ಹೊಸ ಕತೆಯ ಕಿರುಚಿತ್ರಕ್ಕೆ ಆ ಉದಾಹರಣೆ ಹೇಗೆ ಅನ್ವಯಿಸೀತು? ಉತ್ತರವಾಗಿ ಇತ್ತೀಚಿನ, ನಮ್ಮ ಭಾಷೆಯದೇ ಆದ ಒಂದು ಕಿರುಚಿತ್ರವನ್ನು ನೋಡಬಹುದು. ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಕಲಿಯುತ್ತಿದ್ದಾಗ ಮೈಸೂರಿನ ಚಿದಾನಂದ ನಾಯ್ಕ್ ಅವರು ತೆಗೆದ 16 ನಿಮಿಷದ ಕನ್ನಡ ಚಿತ್ರವೊಂದು ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತವಾಗಿ, 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲನೆಯ ಬಹುಮಾನವನ್ನು ಪಡೆಯಿತು. ಆ ಚಿತ್ರದ ವಸ್ತುವೆಂದು ಪ್ರಪಂಚಕ್ಕೆಲ್ಲ ತಿಳಿಸಲಾದುದಿಷ್ಟು: ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಊರು ಕೊನೆಯಿಲ್ಲದ ಕತ್ತಲೆಯಲ್ಲಿ ಮುಳುಗುತ್ತದೆ, ಹುಂಜವನ್ನು ಮರಳಿ ಪಡೆಯಲು ದೈವವಾಣಿಯ ಮೊರೆಹೋಗುತ್ತಾರೆ, ಮುದುಕಿಯ ಮನೆಯವರಿಗೆ ಊರು ಬಿಡುವ ಪಾಡು ಬರುತ್ತದೆ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುವುದೆಂದು ಜಂಬಪಟ್ಟ ಅಜ್ಜಿಯ ಕತೆಯನ್ನು ಬಾಲ್ಯದಲ್ಲಿ ಕೇಳದ ಕನ್ನಡಿಗನಿಲ್ಲ. ಹೀಗೆ ಕಳ್ಳಿ ಯಾರು, ಕದ್ದದ್ದೇನು, ಫಲವೇನು ಎಂಬ ಮೂರನ್ನೂ ಬಿಟ್ಟುಕೊಟ್ಟು ನಿಂತ ಚಿತ್ರವಿದು.

ಆದರೂ ಏನನ್ನೋ ಹಿಡಿದಿಟ್ಟುಕೊಂಡಿದೆ. ಹಿಡಿದಿಟ್ಟುಕೊಂಡದ್ದು ಏನೆಂಬುದನ್ನು ಗುರುತಿಸುವುದೇ ನಮಗೆ ಪಾಠ. ಕದ್ದವಳು ಯಾರೆಂದು ತಿಳಿಯಿತು, ಏಕೆ ಕದ್ದಳೆಂದು ತಿಳಿಯಲಿಲ್ಲ. ಅಜ್ಜಿಯ ಜಂಬದ ಕತೆಯಲ್ಲಿ ಕೋಳಿ ಹೋದರೂ ಬೆಳಗಾಗುತ್ತದೆ; ಇಲ್ಲಿ ಬೆಳಗಾಗುವುದಿಲ್ಲವಂತೆ, ಹಾಗಾದರೆ ಬೆಳಕಿಲ್ಲದ ಲೋಕದಲ್ಲಿ ಜನ ಹೇಗೆ ಬಾಳಿದರು? ಕತೆಯನ್ನು ಬಲ್ಲವನಿಗೆ ಅರಿಯದವನಿಗಿಂತ ಹೆಚ್ಚು ಪ್ರಶ್ನೆಗಳು ಹುಟ್ಟುತ್ತವೆ. ಚಿತ್ರದ ಹೆಸರನ್ನಂತೂ ಒಂದು ಪರಿಪೂರ್ಣ ಟೀಸರೆಂದೇ ಹೇಳಬೇಕು. ಮೊದಲು ತಿಳಿದದ್ದು ಸೂರ್ಯಕಾಂತಿ ಹೂವುಗಳಿಗೆ ಎಂದು ಅದು ಹೇಳುತ್ತದೆ. ತಿಳಿದದ್ದು ಏನನ್ನು ಎಂದು ಹೇಳುವುದಿಲ್ಲ. ವಾಕ್ಯದಲ್ಲಿ ಕರ್ತೃವಿದೆ, ಕ್ರಿಯೆಯಿದೆ, ಕರ್ಮಪದವೊಂದು ಮಾತ್ರ ಇಲ್ಲ. ಎಲ್ಲ ಪದಗಳನ್ನೂ ಬಚ್ಚಿಟ್ಟಿದ್ದರೆ ವಾಕ್ಯವೇ ಇರುತ್ತಿರಲಿಲ್ಲ. ಎಲ್ಲವನ್ನೂ ಹೇಳಿದ್ದರೆ ಕೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಟೀಸರು ಮಾಡತಕ್ಕದ್ದು ಇಷ್ಟೇ: ಪ್ರಶ್ನೆಯನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು, ಉತ್ತರವನ್ನು ಪೂರ್ತಿಯಾಗಿ ಹಿಡಿದಿಡಬೇಕು. ಪ್ರಶ್ನೆಯನ್ನೇ ಬಚ್ಚಿಡುವುದು ಎಚ್ಚರಿಕೆಯ ಲಕ್ಷಣವಲ್ಲ, ಅದು ಗೊಂದಲದ ಲಕ್ಷಣ.

ಇನ್ನು ಎರಡನೆಯ ಗೊಂದಲ. ಪ್ರಚಲಿತ ಸೂತ್ರವನ್ನು ಆಚರಣೆಗೆ ತರುವಾಗ ನಮ್ಮ ಸಂಕಲನಕಾರರು ಒಂದು ಉಪನಿಯಮವನ್ನು ಮಾಡಿಕೊಂಡಿದ್ದಾರೆ: ‘ಚಿತ್ರದ ಕೊನೆಯ ಮೂರನೆಯ ಭಾಗದಿಂದ ಒಂದು ಶಾಟನ್ನೂ ಟೀಸರಿಗೆ ತೆಗೆದುಕೊಳ್ಳಬಾರದು.’ ಕೇಳಲು ಇದು ವಿವೇಕವಾಗಿ ಕಾಣುತ್ತದೆ. ಆದರೆ ರಹಸ್ಯವೆಂಬುದು ಶಾಟಿನಲ್ಲಿ ಇರುವ ವಸ್ತುವಲ್ಲ, ಶಾಟುಗಳ ಸಂಬಂಧದಿಂದ ನೋಡುವವನ ಮನಸ್ಸಿನಲ್ಲಿ ಕಟ್ಟಿಕೊಳ್ಳುವ ವಾಕ್ಯ. ರಷ್ಯಾದ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕಕ್ಕೂ ಒಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೂ ಜೋಡಿಸಿ, ಮುಖದ ಅರ್ಥ ನೆರೆಯ ಚಿತ್ರದಿಂದ ಬರುತ್ತದೆಯೆಂದು ತೋರಿಸಿದ್ದು ಚಲನಚಿತ್ರಕಲೆಯನ್ನು ಅಭ್ಯಸಿಸಿದವರೆಲ್ಲ ಬಲ್ಲ ಸಂಗತಿ. ಅದು ನಿಜವಾದರೆ, ಕೊನೆಯ ಭಾಗದ ಶಾಟು ಅಪಾಯಕರ, ಮೊದಲಿನ ಭಾಗದ್ದು ನಿರಪಾಯ ಎಂಬ ನಿಯಮಕ್ಕೆ ಆಧಾರವೇ ಇಲ್ಲ. ಇದನ್ನು ತೋರಿಸುವುದಕ್ಕೆ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳೋಣ. ತರ್ಕಕ್ಕೆ ಬೇಕಾದಷ್ಟೇ ಅದರ ಕತೆಯನ್ನು ಹೇಳುತ್ತೇನೆ.

ಚಿತ್ರ 12 ನಿಮಿಷದ್ದು, ಹೆಸರು ‘ಕೀಲಿಕೈ’. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಓಣಿಯವರೆಲ್ಲ ಮನೆಗಳಿಗೆ ಕೀಲಿ ಜಡಿದು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಹನ್ನೊಂದು ಮನೆಗಳ ಕೀಲಿಕೈಗಳು ಒಬ್ಬ ಮುದುಕಿಯ ಸೆರಗಿನ ಗಂಟಿನಲ್ಲಿವೆ. ಹಗಲು ಅವಳು ಟಂಟಂ ಹತ್ತಿ ಮಾನ್ವಿಯ ಕಡೆಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಗೆ, ಕಳೆ ತೆಗೆಯಲು ಕೂಲಿ ಹೋಗುತ್ತಾಳೆ. ಸಂಜೆ ಮರಳಿ ಬಂದು ಹನ್ನೊಂದು ಮನೆಗಳನ್ನೂ ಒಂದೊಂದಾಗಿ ತೆರೆದು, ಕಸ ಗುಡಿಸಿ, ದೀಪ ಹಚ್ಚಿಟ್ಟು, ದೀಪ ಆರಿದ ಮೇಲೆ ಕೀಲಿ ಹಾಕುತ್ತಾಳೆ. ಮೂರನೆಯ ನಿಮಿಷದಲ್ಲಿ ಮೇಸ್ತ್ರಿಯ ಕಡೆಯವನೊಬ್ಬ ಬಂದು ‘ಯವ್ವಾ, ನಿನ್ನ ಮಗ ಊರಿಗಿ ಬಂದಾನೇನು?’ ಎಂದು ಕೇಳುತ್ತಾನೆ. ಅವಳು ಇಲ್ಲವೆನ್ನುತ್ತಾಳೆ, ಅದು ನಿಜವೆಂದೇ ನಂಬಿದ್ದಾಳೆ. ಐದನೆಯ ನಿಮಿಷದಲ್ಲಿ, ಹೊರಗಿನ ಕೀಲಿ ಹಾಕಿದಂತೆಯೇ ಇರುವ ಒಂದು ಮನೆಯ ಬಾಗಿಲ ಸಂದಿನಿಂದ ಬೆಳಕು ಬರುವುದನ್ನು ಕಾಣುತ್ತಾಳೆ. ಒಳಗಿರುವವನು ಅವಳ ಮಗನೇ. ಮುಂಗಡ ತೀರಿಸಲಾರದೆ ಕೆಲಸದಿಂದ ತಪ್ಪಿಸಿಕೊಂಡು ರಾತ್ರಿಯ ರೈಲಿಗೆ ರಾಯಚೂರಿನಲ್ಲಿ ಇಳಿದು ಬಂದವನು, ತನ್ನ ಮನೆಯನ್ನೇ ಮೊದಲು ಹುಡುಕುವರೆಂದು ನೆರೆಮನೆಯ ಮಾಳಿಗೆಯ ಬೆಳಕಿಂಡಿಯಿಂದ ಇಳಿದು ಅಡಗಿದ್ದಾನೆ. ಕೊನೆಯ ಶಾಟಿನಲ್ಲಿ ತಾಯಿ ಊಟವನ್ನು ಒಳಗಿಟ್ಟು ಹೊರಬಂದು, ತನ್ನ ಕೈಯಿಂದಲೇ ಮಗನ ಮೇಲೆ ಕೀಲಿ ಹಾಕಿ, ಎಂದಿನಂತೆ ಮುಂದಿನ ಮನೆಗೆ ನಡೆಯುತ್ತಾಳೆ.

ಈಗ ಉಪನಿಯಮವನ್ನು ಈ ಚಿತ್ರಕ್ಕೆ ಅನ್ವಯಿಸಿ ನೋಡೋಣ. ಮೇಸ್ತ್ರಿಯ ಕಡೆಯವನ ಪ್ರಶ್ನೆ ಮೂರನೆಯ ನಿಮಿಷದ್ದು. ನಿಯಮದ ಪ್ರಕಾರ ಅದನ್ನು ನಿಶ್ಚಿಂತೆಯಿಂದ ಟೀಸರಿಗೆ ಬಳಸಬಹುದು. ಆದರೆ ‘ನಿನ್ನ ಮಗ ಊರಿಗಿ ಬಂದಾನೇನು?’ ಎಂಬ ಮಾತಿನ ಪಕ್ಕಕ್ಕೆ ಬಾಗಿಲ ಸಂದಿನ ಬೆಳಕನ್ನು ಇಟ್ಟೊಡನೆ, ಹತ್ತು ವರ್ಷದ ಹುಡುಗನೂ ಒಳಗಿರುವವನು ಮಗನೆಂದು ಹೇಳಿಬಿಡುತ್ತಾನೆ. ಚಿತ್ರ ಅಲ್ಲಿಗೆ ಮುಗಿಯಿತು. ಚಿತ್ರದ ಒಳಗೆ ಆ ಎರಡರ ನಡುವೆ ಎರಡು ನಿಮಿಷಗಳ ಅಂತರವಿದ್ದು, ಆ ಅಂತರದಲ್ಲಿ ಕೇಳಿದ ಮಾತು ಮಾಸುತ್ತದೆ. ಟೀಸರಿನಲ್ಲಿ ಎರಡು ಸೆಕೆಂಡಿನ ಅಂತರವೂ ಇರುವುದಿಲ್ಲ. ಸಂಕ್ಷೇಪವೇ ಇಲ್ಲಿ ಗುಟ್ಟನ್ನು ಹೊರಗೆಡಹುತ್ತದೆ. ಮಾಳಿಗೆಗೆ ಚಾಚಿದ ನಿಚ್ಚಣಿಕೆ ಮೊದಲ ನಿಮಿಷದಲ್ಲಿಯೇ ಹಿನ್ನೆಲೆಯಲ್ಲಿ ಕಂಡಿದ್ದರೆ, ಅದೂ ಟೀಸರಿನಲ್ಲಿ ಹಾಗೆಯೇ ಮಾತಾಡುತ್ತದೆ. ಇದಕ್ಕೆ ವಿರುದ್ಧವಾಗಿ ಚಿತ್ರದ ಕಟ್ಟಕಡೆಯ ಶಾಟನ್ನು ನೋಡಿ: ಮುದುಕಿಯ ಕೈ ಒಂದು ಬಾಗಿಲಿಗೆ ಕೀಲಿ ಹಾಕುತ್ತಿದೆ. ಹನ್ನೊಂದು ಮನೆಗಳಿಗೆ ದಿನವೂ ಕೀಲಿ ಹಾಕುವವಳ ಕೈ ಅದು. ಅದರಲ್ಲಿ ಏನು ಬಯಲಾಯಿತು? ಏನೂ ಇಲ್ಲ. ಒಳಗೆ ಯಾರಿದ್ದಾರೆಂಬ ಅರಿವಿಲ್ಲದೆ ಆ ಶಾಟಿಗೆ ಅಂತ್ಯದ ಅರ್ಥವೇ ಇಲ್ಲ. ಉಪನಿಯಮವು ನಿಷೇಧಿಸುವ ಶಾಟು ನಿರಪಾಯವಾದದ್ದು, ಅನುಮತಿಸುವ ಶಾಟು ಪ್ರಾಣಾಂತಿಕವಾದದ್ದು ಎಂದಮೇಲೆ, ಆ ನಿಯಮವನ್ನು ತಿದ್ದಿ ಪ್ರಯೋಜನವಿಲ್ಲ, ಬಿಡತಕ್ಕದ್ದು. ಅದರ ಜಾಗದಲ್ಲಿ ಕೇಳಬೇಕಾದದ್ದು ಒಂದೇ ಮಾತು: ಈ ಶಾಟು ತನ್ನ ನೆರೆಯದರೊಡನೆ ಸೇರಿ ಯಾವ ವಾಕ್ಯವನ್ನು ಹೇಳುತ್ತದೆ?

ಈ ಮಾನದಂಡವನ್ನು ಹಿಡಿದು ‘ಕೀಲಿಕೈ’ಗೆ 30 ಸೆಕೆಂಡಿನ ಟೀಸರನ್ನು ಕತ್ತರಿಸುವುದಾದರೆ ಅದು ಹೀಗಿರಬಹುದು. ಸೆಕೆಂಡಿಗೆ 24 ಫ್ರೇಮುಗಳಂತೆ ನಮಗೆ ದೊರೆತಿರುವುದು 720 ಫ್ರೇಮುಗಳು; ದುಂದು ಮಾಡಲು ಒಂದೂ ಇಲ್ಲ.

1. ಮೊದಲ ನಾಲ್ಕು ಸೆಕೆಂಡು: ಸೆರಗಿನ ಗಂಟು ಬಿಚ್ಚಿ, ಹನ್ನೊಂದು ಕೀಲಿಕೈಗಳಲ್ಲಿ ಒಂದನ್ನು ಆರಿಸುವ ಕೈ. ಸಂಗೀತವಿಲ್ಲ, ಕಬ್ಬಿಣದ ಸದ್ದು ಮಾತ್ರ.

2. ಮುಂದಿನ ಐದು ಸೆಕೆಂಡು: ಬಾಗಿಲು ತೆರೆಯುವುದು, ಕಸಬರಿಗೆ, ದೀಪ, ಎರಡನೆಯ ಮನೆಯಲ್ಲಿ ಅದೇ ಕ್ರಮ, ಇನ್ನೂ ಬೇಗ. ಇದರಿಂದ ಒಂದು ನಿಯಮ ಸ್ಥಾಪಿತವಾಗುತ್ತದೆ: ದೀಪ ಹಚ್ಚುವವಳು ಇವಳೊಬ್ಬಳೇ.

3. ಆರು ಸೆಕೆಂಡು: ಸಂಜೆಯ ಓಣಿ, ಸಾಲಾಗಿ ಮುಚ್ಚಿದ ಬಾಗಿಲುಗಳು. ಅವಳ ದನಿ: ‘ಎಲ್ಲಾರೂ ಗುಳೆ ಹೋಗ್ಯಾರ. ಕೀಲಿಕೈ ನನ್ನ ಕೈಯಾಗ ಕೊಟ್ಟಾರ.’

4. ಮತ್ತೆ ಆರು ಸೆಕೆಂಡು: ಕೀಲಿ ಹಾಕಿದ ಬಾಗಿಲು, ಕೆಳಗಿನ ಸಂದಿನಲ್ಲಿ ಬೆಳಕು. ಅವಳ ಹೆಜ್ಜೆ ನಿಲ್ಲುತ್ತದೆ. ಸ್ಥಾಪಿಸಿದ ನಿಯಮ ಮುರಿಯಿತು.

5. ಮೂರು ಸೆಕೆಂಡು ಅವಳ ಮುಖ. ಮೂರು ಸೆಕೆಂಡು ಕೀಲಿ ಹಾಕುವ ಕೈ, ಅಂದರೆ ಆ ನಿಷಿದ್ಧವಾದ ಕೊನೆಯ ಶಾಟು. ಉಳಿದ ಮೂರು ಸೆಕೆಂಡು ಚಿತ್ರದ ಹೆಸರು.

ಇದರಲ್ಲಿ ಬಿಟ್ಟುಕೊಟ್ಟದ್ದು ಎಷ್ಟೆಂದು ಲೆಕ್ಕ ಹಾಕಿದರೆ ಮುಚ್ಚಿಡುವ ಪಂಥದವರು ಹೌಹಾರಬಹುದು: ನಾಯಿಕೆ ಯಾರು, ಅವಳ ಕಾಯಕವೇನು, ಊರು ಏಕೆ ಬರಿದಾಗಿದೆ, ಐದನೆಯ ನಿಮಿಷದಲ್ಲಿ ಆಗುವುದೇನು, ಎಲ್ಲವೂ ಹೊರಬಂತು. ಆದರೆ ಅದಿಷ್ಟೂ ಇಲ್ಲದಿದ್ದರೆ ಬಾಗಿಲ ಸಂದಿನ ಬೆಳಕು ಬರಿಯ ಬೆಳಕಾಗುತ್ತಿತ್ತು. ಆ ಬೆಳಕು ಪ್ರಶ್ನೆಯಾಗಬೇಕಾದರೆ ಮನೆ ಬರಿದೆಂದೂ, ಕೀಲಿಕೈ ಅವಳಲ್ಲಿಯೇ ಇದೆಯೆಂದೂ, ದೀಪ ಅವಳೇ ಹಚ್ಚಬೇಕೆಂದೂ ಮೊದಲು ತಿಳಿದಿರಬೇಕು. ಹದಿನೈದು ಸೆಕೆಂಡುಗಳ ಉದಾರತೆಯಿಂದ ಆರು ಸೆಕೆಂಡುಗಳ ಮೌನಕ್ಕೆ ಬೆಲೆ ಬಂತು. ಹಿಡಿದಿಟ್ಟದ್ದು ಮಾತ್ರ ಕಟ್ಟುನಿಟ್ಟಾಗಿ ಹಿಡಿದಿಟ್ಟದ್ದು: ಮಗನಿದ್ದಾನೆಂಬ ಸುಳಿವೇ ಇಲ್ಲ, ಮೇಸ್ತ್ರಿಯಿಲ್ಲ, ಮುಂಗಡವಿಲ್ಲ, ನಿಚ್ಚಣಿಕೆಯಿಲ್ಲ, ರಾಯಚೂರು ನಿಲ್ದಾಣದ ರೈಲೂ ಇಲ್ಲ. ಶಬ್ದದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಚಿತ್ರವನ್ನು ಜರಡಿ ಹಿಡಿಯುವ ಕಣ್ಣು ಶಬ್ದವನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಚಿತ್ರದಲ್ಲಿ ಬಾಗಿಲ ಹಿಂದಿನಿಂದ ಕೆಮ್ಮೊಂದು ಕೇಳಿಸುತ್ತಿದ್ದರೆ, ಆ ಗಂಡುದನಿಯ ಕೆಮ್ಮು ಟೀಸರಿನಲ್ಲಿ ಉಳಿದುಕೊಂಡೊಡನೆ ಊಹೆಗಳ ವ್ಯಾಪ್ತಿ ಅರ್ಧಕ್ಕೆ ಇಳಿಯುತ್ತದೆ.

ಮಾನ್ವಿಯ ಗದ್ದೆಯ ಶಾಟನ್ನು ಏಕೆ ಬಿಟ್ಟೆನೆಂದು ಕೇಳಬಹುದು. ಇಡಿಯ ಚಿತ್ರದಲ್ಲಿ ಕಣ್ಣು ತಣಿಸುವ ಹಸುರು ಇರುವುದು ಅದೊಂದೇ ಕಡೆ. ಅದರಿಂದ ರಹಸ್ಯವೇನೂ ಬಯಲಾಗುವುದೂ ಇಲ್ಲ. ಬಿಡಲು ಕಾರಣ ಬೇರೆ. ಕಾಲುವೆಯ ಹಸುರನ್ನೂ ಬರಿದಾದ ಓಣಿಯನ್ನೂ ಅಕ್ಕಪಕ್ಕ ಇಟ್ಟರೆ ಅವೆರಡೂ ಕೂಡಿ ಬೇರೊಂದು ಪ್ರಶ್ನೆಯನ್ನು ಕೇಳುತ್ತವೆ: ನೀರು ಹರಿದದ್ದು ಎಲ್ಲಿಗೆ, ಜನ ಹೊರಟದ್ದು ಎಲ್ಲಿಂದ? ಅದು ದೊಡ್ಡ ಪ್ರಶ್ನೆ, ಕೇಳಬೇಕಾದ ಪ್ರಶ್ನೆ. ಆದರೆ ಈ ಚಿತ್ರ ಅದಕ್ಕೆ ಉತ್ತರ ಹೇಳುವುದಿಲ್ಲ. ಟೀಸರು ಕೇಳುವ ಪ್ರಶ್ನೆ ಸಾಲವಿದ್ದಂತೆ. ಚಿತ್ರ ಅದನ್ನು ತೀರಿಸಲೇಬೇಕು. ಆದುದರಿಂದ ಬಿಟ್ಟುಕೊಡುವುದಕ್ಕೂ ಒಂದು ಮೇರೆಯಿದೆ: ಚಿತ್ರ ಉತ್ತರಿಸುವ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟನ್ನೇ ಬಿಟ್ಟುಕೊಡಬೇಕು.

ಇದೇ ಮಾತಿನಿಂದ ಇನ್ನೊಂದು ಪ್ರಲೋಭನೆಗೂ ಉತ್ತರ ದೊರೆಯುತ್ತದೆ. ಕೀಲಿ ಹಾಕಿದ ಮನೆಯಲ್ಲಿ ತಾನೇ ಉರಿಯುವ ದೀಪವೆಂದರೆ ದೆವ್ವದ ಕತೆಗೆ ಹೇಳಿ ಮಾಡಿಸಿದ ಸಾಮಗ್ರಿ. ಅದೇ ಐದು ತುಣುಕುಗಳ ಕೆಳಗೆ ಗವ್ವೆನ್ನುವ ಸಂಗೀತವೊಂದನ್ನು ಹಾಸಿದರೆ ನೋಡುವವರ ಸಂಖ್ಯೆ ಹೆಚ್ಚಬಹುದು. ಉತ್ತರವನ್ನು ಮುಚ್ಚಿಟ್ಟದ್ದೂ ಆಯಿತು, ಜನ ಬಂದದ್ದೂ ಆಯಿತು, ಇದರಲ್ಲಿ ತಪ್ಪೇನು ಎಂದು ವ್ಯವಹಾರಜ್ಞರು ಕೇಳಿಯಾರು. ನೀತಿಯ ಮಾತನ್ನು ಬದಿಗಿಟ್ಟು ಫಲವನ್ನೇ ವಿಚಾರಿಸೋಣ. ದೆವ್ವವನ್ನು ನಿರೀಕ್ಷಿಸಿ ಬಂದವನ ಮಟ್ಟಿಗೆ, ಒಳಗಿರುವವನು ಮಗನೆಂದು ತಿಳಿಯುವ ಕ್ಷಣವು ಚಿತ್ರದ ಶಿಖರವಾಗುವುದಿಲ್ಲ, ಮೋಸದ ಕ್ಷಣವಾಗುತ್ತದೆ. ಆಮೇಲಿನ ತಾಯಿಯ ಕೀಲಿ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ಊಹಿಸಬೇಕಾದ್ದಿಲ್ಲ, ಕಾಣಬಹುದು: ಯೂಟ್ಯೂಬಿನಲ್ಲಿ ಚಿತ್ರವನ್ನು ಏರಿಸಿದವರಿಗೆ, ಯಾವ ಕ್ಷಣದಲ್ಲಿ ಎಷ್ಟು ಪಾಲು ಜನ ಇನ್ನೂ ನೋಡುತ್ತಿದ್ದರೆಂದು ತೋರಿಸುವ ರೇಖೆಯೊಂದು ದೊರೆಯುತ್ತದೆ. ಟೀಸರು ಕೊಟ್ಟ ಮಾತು ತಪ್ಪಿದ ಜಾಗದಲ್ಲಿ ಆ ರೇಖೆ ಕಡಿದಾಗಿ ಇಳಿಯುತ್ತದೆ. ಆರಂಭದ ಕೆಲವು ಸೆಕೆಂಡುಗಳಲ್ಲಿ ಇಳಿಯುವುದು ಎಲ್ಲ ಚಿತ್ರಗಳಿಗೂ ಸಾಮಾನ್ಯ; ನಡುವೆ ಒಂದು ನಿರ್ದಿಷ್ಟ ಗುಟ್ಟು ಬಯಲಾಗುವ ಕಡೆ ಇಳಿದರೆ ಅಲ್ಲಿ ಚಿತ್ರದ ದೋಷವೋ ಟೀಸರಿನ ದೋಷವೋ ಇದೆಯೆಂದು ತಿಳಿಯಬೇಕು.

ಬಿಟ್ಟುಕೊಟ್ಟದ್ದು ಹೆಚ್ಚಾಯಿತೋ ಕಡಮೆಯಾಯಿತೋ ಎಂಬುದನ್ನು ಟೀಸರು ಹೊರಡುವುದಕ್ಕೆ ಮೊದಲೇ ಪರೀಕ್ಷಿಸುವ ಉಪಾಯವೂ ಉಂಟು, ಅದಕ್ಕೆ ಖರ್ಚಿಲ್ಲ. ಚಿತ್ರವನ್ನು ನೋಡದ, ಕತೆಯನ್ನು ಕೇಳದ ಐದಾರು ಜನರಿಗೆ ಬೇರೆ ಬೇರೆಯಾಗಿ ಟೀಸರನ್ನು ಒಮ್ಮೆ ಮಾತ್ರ ತೋರಿಸಿ ಎರಡು ಮಾತು ಕೇಳಬೇಕು: ನಿನಗೆ ಏನು ತಿಳಿಯಬೇಕೆನ್ನಿಸಿತು? ಮುಂದೇನಾಗುವುದೆಂದು ನಿನ್ನ ಊಹೆ? ಚೆನ್ನಾಗಿದೆಯೇ ಎಂದು ಮಾತ್ರ ಕೇಳಕೂಡದು; ದಾಕ್ಷಿಣ್ಯಕ್ಕೆ ಎಲ್ಲರೂ ಚೆನ್ನಾಗಿದೆಯೆನ್ನುತ್ತಾರೆ. ಮೊದಲ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರೆ, ಅಥವಾ ‘ಏನು ಕತೆಯೆಂದೇ ತಿಳಿಯಲಿಲ್ಲ’ ಎಂದರೆ, ಮುಚ್ಚಿಟ್ಟದ್ದು ಹೆಚ್ಚಾಯಿತು. ಎರಡನೆಯ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಟ್ಟು ಅದು ನಿಜವೂ ಆಗಿದ್ದರೆ, ಬಿಟ್ಟುಕೊಟ್ಟದ್ದು ಹೆಚ್ಚಾಯಿತು. ಎಲ್ಲರದೂ ಒಂದೇ ಆಗಿ ಅದು ಸುಳ್ಳಾಗಿದ್ದರೆ, ದೆವ್ವದ ಟೀಸರಿನಂತೆ, ನಾವು ದಾರಿ ತಪ್ಪಿಸಿದ್ದೇವೆ. ‘ಒಳಗೆ ಯಾರಿದ್ದಾರೆ?’ ಎಂದು ಎಲ್ಲರೂ ಕೇಳಿ, ಒಬ್ಬ ಕಳ್ಳನೆಂದೂ ಒಬ್ಬ ಮನೆಯ ಯಜಮಾನನೆಂದೂ ಮತ್ತೊಬ್ಬ ಮುದುಕಿಯ ಭ್ರಮೆಯೆಂದೂ ಊಹಿಸಿದರೆ ಹದ ಬಂತೆಂದು ಅರ್ಥ. ಪ್ರಶ್ನೆ ಒಂದಾಗಿರಬೇಕು, ಊಹೆಗಳು ಹಲವಾಗಿರಬೇಕು.

ಉಳಿದ ಎರಡು ಆಕ್ಷೇಪಗಳನ್ನು ಬೇಗ ನೋಡಿಬಿಡಬಹುದು. ಪ್ರಸಿದ್ಧ ನಿರ್ದೇಶಕರು ಏನನ್ನೂ ತೋರಿಸದೆ ಹೆಸರನ್ನು ಮಾತ್ರ ಮಿಂಚಿಸಿ ಜನರನ್ನು ಸೆಳೆಯುವುದಿಲ್ಲವೇ? ಸೆಳೆಯುತ್ತಾರೆ; ಆದರೆ ಅಲ್ಲಿ ದಡವನ್ನು ಕಟ್ಟಿಕೊಡುವುದು ಅವರ ಹಿಂದಿನ ಚಿತ್ರಗಳು. ‘ಇವರು ಈ ಸಲ ಏನು ಮಾಡಿರಬಹುದು?’ ಎಂಬ ಪ್ರಶ್ನೆ ಪ್ರೇಕ್ಷಕನಲ್ಲಿ ಮೊದಲೇ ಇರುತ್ತದೆ. ಮೊದಲ ಚಿತ್ರವನ್ನು ತೆಗೆದ ದೇವದುರ್ಗದ ತರುಣನಿಗೆ ಆ ಬಂಡವಾಳವಿಲ್ಲ. ಶ್ರೀಮಂತನ ಮಿತವ್ಯಯವನ್ನು ಬಡವನು ಅನುಕರಿಸಿದರೆ ಅದು ಉಪವಾಸವಾಗುತ್ತದೆ. ಇನ್ನು, ಕತೆಯ ಪ್ರಶ್ನೆಯೇ ಇಲ್ಲದ, ಒಂದು ಭಾವವನ್ನೋ ಒಂದು ಸ್ಥಳದ ಚೆಲುವನ್ನೋ ಹಿಡಿಯುವ ಚಿತ್ರಗಳ ಗತಿಯೇನು? ಅವುಗಳಲ್ಲಿ ಮುಚ್ಚಿಡತಕ್ಕ ಉತ್ತರವೇ ಇಲ್ಲವಾದುದರಿಂದ ಮುಚ್ಚಿಡುವ ಚಿಂತೆಯೂ ಇಲ್ಲ. ಅತ್ಯುತ್ತಮವಾದ ಒಂದು ಶಾಟನ್ನು ಕತ್ತರಿಸದೆ ಇಡಿಯಾಗಿ ತೋರಿಸುವುದೇ ಅವುಗಳಿಗೆ ತಕ್ಕ ಟೀಸರು. ಮೂರು ನಿಮಿಷದ ಚಿತ್ರಕ್ಕಂತೂ ಟೀಸರೇ ಬೇಡ, ಒಂದು ಹೆಸರು ಒಂದು ಸ್ಥಿರಚಿತ್ರ ಸಾಕು. ಆರಂಭದಲ್ಲಿ ಹೇಳಿದ ಪ್ರಮಾಣದ ಲೆಕ್ಕಕ್ಕೆ ನಿಜವಾಗಿ ಬಲವಿರುವುದು ಇಲ್ಲಿ.

ಆ ಲೆಕ್ಕ ಬಿಟ್ಟರೆ ಪೂರ್ವಪಕ್ಷದ ಉಳಿದ ಎರಡು ಮಾತುಗಳಿಗೂ ನಮ್ಮ ವಿಚಾರದಲ್ಲಿ ಸ್ಥಾನ ದೊರೆತಿದೆ: ತಿರುವನ್ನು ಕಾಪಾಡಬೇಕು, ಸಂದೇಹವಿದ್ದಾಗ ಉತ್ತರವನ್ನು ಹೇಳಬಾರದು. ಅವುಗಳಿಂದ ಹೊರಡದಿದ್ದದ್ದು ಮೌನವೇ ಕುತೂಹಲದ ತಾಯಿಯೆಂಬ ತೀರ್ಮಾನ ಮಾತ್ರ. ‘ಕೀಲಿಕೈ’ಯನ್ನು ನೋಡಲು ಬಂದವನು ಆ ಕೊನೆಯ ಶಾಟನ್ನು ಎರಡನೆಯ ಸಲ ಕಾಣುತ್ತಾನೆ, ಟೀಸರಿನಲ್ಲಿ ಅವನಿಗೆ ಅದು ಮುದುಕಿಯ ದಿನದ ಕೆಲಸವಾಗಿ ಕಂಡಿತ್ತು, ಈಗ ತಾಯಿ ಮಗನ ಮೇಲೆ ಎಳೆದ ಮುಸುಕಾಗಿ ಕಾಣುತ್ತದೆ. ಮೊದಲ ಸಲವೂ ಅವನ ಕಣ್ಣೆದುರಿಗೇ ಇದ್ದದ್ದು ಅದೇ ಕೈ, ಅದೇ ಕೀಲಿ, ಅದೇ ಬಾಗಿಲು.